ಮಾಮಾನ 37 ಸಾವಿರದ ಪ್ರಶ್ನೆ: ಹೋಮ್ ಲೋನ್ ಹಾಳಿ ಓದೋದು ಹೆಂಗ?

1/6
ಫೋಟೋದಾಗಿರೋ ಹಾಳಿ ನಮ್ಮ ಮಾಮಾಂದು. ಹೆಸರು, ಅಕೌಂಟ್ ನಂಬರ್ ಮೇಲೆ ಬೆರಳಿಟ್ಟು ಫೋಟೋ ತೆಗೆದೀನಿ, ಝೂಮ್ ಮಾಡಬ್ಯಾಡ್ರಿ 😄

ಮಾಮಾ ಇರೋದು ಬಬಲೇಶ್ವರದಾಗ, ದ್ರಾಕ್ಷಿ ತೋಟ ಇರೋದು ತಿಕೋಟಾ ಹತ್ತಿರ, ಮಕ್ಕಳ ಸಾಲಿ ಸಲುವಾಗಿ ಮನಿ ಕಟ್ಟಿಸಿದ್ದು ವಿಜಯಪುರ ಸಿಟ್ಯಾಗ. ಸಾಲ 20 ಲಕ್ಷ, ಬಡ್ಡಿ ವರ್ಷಕ್ಕೆ ಶೇ 9, ಅವಧಿ 20 ವರ್ಷ. ತಿಂಗಳ ಕಂತು, ಅಂದ್ರ ಇಎಂಐ, 17,995 ರೂಪಾಯಿ.

ಒಂದು ವರ್ಷ ಕಂತು ತುಂಬಿದ ಮೇಲೆ ಮಾಮಾ ಹಾಳಿ ಹಿಡ್ಕೊಂಡು ಮನಿಗೆ ಬಂದ್ರು. "ನೋಡವಾ, ನೀ ಬಿಕಾಂ ಓದಾಕತ್ತಿ. ವರ್ಷಪೂರ್ತಿ 2 ಲಕ್ಷ 16 ಸಾವಿರ ತುಂಬೀನಿ. ಸಾಲ ಬರೇ 37 ಸಾವಿರ ಕಡಿಮಿ ಆಗೈತಿ. ಬ್ಯಾಂಕಿನವ್ರು ಲೆಕ್ಕ ತಪ್ಯಾರೇನು?"

ನಾನು ಶಾಣ್ಯಾಕಿ ಹಂಗ ಹೇಳಿದೆ: "ಇಲ್ಲ ಮಾಮಾ, ಬ್ಯಾಂಕ್ ಮೊದಲ ತನ್ನ ಬಡ್ಡಿ ಹಿಡ್ಕೋತೈತಿ, ಆಮೇಲೆ ಅಸಲು. ರೂಲ್ಸೇ ಹಂಗ." ಈ ಉತ್ತರ ತಪ್ಪು. ನಿಮ್ಮೊಳಗೂ ಭಾಳ ಮಂದಿ ಹಿಂಗೇ ತಿಳ್ಕೊಂಡಿರ್ತೀರಿ, ಅದಕ್ಕೇ ಈ ಪೋಸ್ಟ್.

2/6
ಹಾಳಿ ಇಂಗ್ಲಿಷ್‌ನಾಗ ಐತಿ, ಆದ್ರ ಕಾಲಂ ಐದೇ. ಓಪನಿಂಗ್ ಬ್ಯಾಲೆನ್ಸ್ ಅಂದ್ರ ತಿಂಗಳ ಶುರುವಿಗೆ ಉಳಿದಿದ್ದ ಸಾಲ. ಇಎಂಐ ಅಂದ್ರ ನೀವು ತುಂಬಿದ ಕಂತು. ಇಂಟರೆಸ್ಟ್ ಬಡ್ಡಿ, ಪ್ರಿನ್ಸಿಪಲ್ ಅಸಲು. ಕ್ಲೋಸಿಂಗ್ ಬ್ಯಾಲೆನ್ಸ್ ಅಂದ್ರ ಇನ್ನೂ ಉಳಿದ ಸಾಲ. ಒಂದು ಸಾಲಿನ ಕ್ಲೋಸಿಂಗ್ ಬ್ಯಾಲೆನ್ಸೇ ಮುಂದಿನ ಸಾಲಿನ ಓಪನಿಂಗ್.

ಮಾಮಾಗ ಶೇಕಡಾ ಲೆಕ್ಕ ತಲಿಗೆ ಹೋಗಲಿಲ್ಲ. ನಮ್ಮ ಕಡೆ ಕೈಸಾಲದ ಭಾಷೆಯಾಗ ಹೇಳಿದೆ: ವರ್ಷಕ್ಕೆ ಶೇ 9 ಅಂದ್ರ ನೂರಕ್ಕೆ ತಿಂಗಳಿಗೆ 75 ಪೈಸೆ. ತಕ್ಷಣ ತಿಳೀತು.

ಮೊದಲ ತಿಂಗಳು ಉಳಿದ ಸಾಲ 20 ಲಕ್ಷ. ನೂರಕ್ಕೆ 75 ಪೈಸೆ ಅಂದ್ರ ಬಡ್ಡಿ 15,000. ಕಂತು 17,995. ಬಡ್ಡಿ ಕಳೆದು ಉಳಿದ 2,995 ಅಷ್ಟೇ ಅಸಲಿಗೆ ಹೋಗೋದು. ಈಗ ಸಾಲ 19,97,005.

ಎರಡನೇ ತಿಂಗಳು ಬಡ್ಡಿ ಲೆಕ್ಕ ಹಾಕೋದು ಈ 19,97,005ಕ್ಕೆ, 20 ಲಕ್ಷಕ್ಕಲ್ಲ. ಬಡ್ಡಿ 14,978, ಅಸಲಿಗೆ 3,017. ಬಡ್ಡಿ 22 ರೂಪಾಯಿ ಇಳೀತು, ಅದೇ 22 ರೂಪಾಯಿ ಅಸಲಿನ ಕಡೆ ಹೋಯ್ತು.

ಮುಂದಿನ ಎಲ್ಲಾ ಸಾಲೂ ಹಿಂಗೇ. ಬ್ಯಾಂಕ್ ಮುಂದಿನ ವರ್ಷಗಳ ಬಡ್ಡಿ ಮೊದಲೇ ಹಿಡ್ಕೊಳ್ಳೋದಿಲ್ಲ. ಆ ತಿಂಗಳು ಎಷ್ಟು ಸಾಲ ಉಳಿದೈತೋ ಅಷ್ಟಕ್ಕೇ ಬಾಡಿಗಿ ಇದ್ದಂಗ. ಶುರುವಿಗೆ ಸಾಲ ದೊಡ್ಡದು, ಹಂಗಾಗಿ ಬಾಡಿಗಿ ದೊಡ್ಡದು. ಕಂತು ಮಾತ್ರ ಬದಲಾಗೋದಿಲ್ಲ, ಹಂಗಾಗಿ ಅಸಲಿಗೆ ಉಳಿಯೋದು ಸಣ್ಣದು.

3/6
ಹಾಳಿ ಮಗುಚಿ ಮುಂದ ಹೋದ್ರ ತಕ್ಕಡಿ ನಿಧಾನ ವಾಲೋದು ಕಾಣ್ತೈತಿ.

149ನೇ ಕಂತಿನ ಮೇಲೆ ನಾನು ಹಳದಿ ಪೆನ್ನಿಂದ ಗೆರೆ ಹೊಡೆದೀನಿ. ಅಲ್ಲಿ ಮೊದಲ ಸಲ ಅಸಲಿನ ಪಾಲು ಬಡ್ಡಿಗಿಂತ ಹೆಚ್ಚಾಗ್ತೈತಿ. ಅಂದ್ರ 12 ವರ್ಷ ದಾಟಿದ ಮೇಲೆ. 10 ವರ್ಷ, ಅಂದ್ರ ಅರ್ಧ ಅವಧಿ ಮುಗಿದಾಗ, ಇನ್ನೂ 14 ಲಕ್ಷ 20 ಸಾವಿರ ಸಾಲ ಉಳಿದಿರ್ತೈತಿ. ಅರ್ಧ ಸಾಲ ತೀರೋದು ಪೂರ್ತಿ 14 ವರ್ಷಕ್ಕ. ಕೊನೇ ಕಂತಿನಾಗ ಬಡ್ಡಿ ಬರೇ 134 ರೂಪಾಯಿ, ಉಳಿದಿದ್ದೆಲ್ಲಾ ಅಸಲು.

240 ಕಂತು ಕೂಡಿಸಿದ್ರ 43 ಲಕ್ಷ ದಾಟ್ತೈತಿ. ಮಾಮಾ ಆ ಅಂಕಿ ನೋಡಿ ಚಾದ ಕಪ್ ಕೆಳಗಿಟ್ಟ್ರು, ಎರಡು ನಿಮಿಷ ಮಾತಾಡಲಿಲ್ಲ.

ನಿಮ್ಮ ಮನಿ ಸಾಲದ ಕಂತು ನೀವೇ ನೋಡಬೇಕಂದ್ರ ಮೊಬೈಲ್‌ನಾಗ ಎಕ್ಸೆಲ್ ತೆಗೆದು ಇದನ್ನ ಹಾಕ್ರಿ. ಬಡ್ಡಿ, ತಿಂಗಳು, ಸಾಲ ಮೂರೂ ನಿಮ್ಮವು ಬದಲಿಸ್ಕೊಳ್ರಿ:

```
=PMT(9%/12, 240, -2000000)
```

4/6
ಈಗ ಮಾಮಾನ ಖರೇ ಪ್ರಶ್ನೆ. ಒಣದ್ರಾಕ್ಷಿ ಮಾರಿ ಕೈಯಾಗ 1 ಲಕ್ಷ ಉಳಿದಿತ್ತು. "ಈಗ ತುಂಬಲಾ, ಇಲ್ಲಾ ಸಾಲ ಸಣ್ಣದಾದ ಮೇಲೆ ಕೊನೀಗೆ ತುಂಬಿ ಮುಗಿಸಲಾ?" ಮಾಮಿಗೆ ಬಂಗಾರ ತಗೊಳ್ಳೋ ಆಸೆ. ಮನ್ಯಾಗ ಸಣ್ಣ ಜಗಳಾನೂ ಆಗಿತ್ತು.

ಎರಡೂ ಲೆಕ್ಕ ಮಾಡಿದೆ. ಒಂದನೇ ವರ್ಷದ ಕೊನೀಗೆ 1 ಲಕ್ಷ ತುಂಬಿ ಕಂತು 17,995 ಹಂಗೇ ಬಿಟ್ಟರ, ಕೊನೀಗೆ 27 ಕಂತು ಪೂರ್ತಿ ಉಳೀತಾವ. ಉಳಿಯೋ ಬಡ್ಡಿ ಹತ್ತಿರ ಹತ್ತಿರ 4 ಲಕ್ಷ. ಅದೇ 1 ಲಕ್ಷ 15ನೇ ವರ್ಷದ ಕೊನೀಗೆ ತುಂಬಿದ್ರ ಉಳಿಯೋ ಬಡ್ಡಿ ಸುಮಾರು 52 ಸಾವಿರ.

ಯಾಕಂದ್ರ ಈಗ ತುಂಬಿದ ಲಕ್ಷಕ್ಕ ಮುಂದಿನ 19 ವರ್ಷ ಬಾಡಿಗಿ ಕೊಡೋದು ತಪ್ಪೀತು. ಆವಾಗ ತುಂಬಿದ್ರ ಬರೇ 5 ವರ್ಷದ್ದು ತಪ್ಪತೈತಿ.

ಆದ್ರ ಒಂದು ಮಾತು ಕೇಳಿದೆ: "ಮುಂದಿನ ಸೀಸನ್ ಔಷಧ, ಗೊಬ್ಬರಕ್ಕ ರೊಕ್ಕ ಐತೇನು ಮಾಮಾ?" ಇರಲಿಲ್ಲ. ಕೈಸಾಲ ತಂದ್ರ ನೂರಕ್ಕೆ ತಿಂಗಳಿಗೆ 2 ರೂಪಾಯಿ. 75 ಪೈಸೆ ಸಾಲ ತೀರಿಸಾಕ 2 ರೂಪಾಯಿ ಸಾಲ ತರೋದು ಯಾವ ಲೆಕ್ಕ? ಕೊನೀಗೆ 40 ಸಾವಿರ ತೋಟಕ್ಕ ಇಟ್ಟು 60 ಸಾವಿರ ತುಂಬಿದ್ರು. ಮಾಮಿ ಇನ್ನೂ ನನ್ನ ಜೊತಿ ಸರಿಯಾಗಿ ಮಾತಾಡವಲ್ರು 🙈

5/6
ಬ್ಯಾಂಕಿಗೆ ಹೋದಾಗ ಎರಡು ಮಾತು ನೆನಪಿಟ್ಟಿದ್ವಿ. ಒಂದು, ಈ ರೊಕ್ಕ ಅಸಲಿಗೆ ಜಮಾ ಆಗಬೇಕು, ಮುಂದಿನ ಮೂರು ಕಂತು ಅಡ್ವಾನ್ಸ್ ಅಂತ ಅಲ್ಲ. ಎರಡು, ಕಂತು ಇಳಿಸಬ್ಯಾಡ್ರಿ, ಅವಧಿ ಇಳಿಸ್ರಿ. ಎರಡೂ ಅರ್ಜಿಯಾಗ ಬರದು ಕೊಟ್ಟು, ಹೊಸ ಹಾಳಿ ಕೇಳಿ ತಗೊಂಡ್ವಿ. ಕ್ಲೋಸಿಂಗ್ ಬ್ಯಾಲೆನ್ಸ್ ಒಮ್ಮೆಲೇ 60 ಸಾವಿರ ಇಳಿದಿದ್ರ ಸರಿಯಾಗೈತಿ ಅಂತ ಅರ್ಥ. ಮಾಮಾನ ಹಾಳಿಯಾಗ ಇಳಿದಿತ್ತು. ಫ್ಲೋಟಿಂಗ್ ರೇಟಿನ ಮನಿ ಸಾಲ ಮೊದಲೇ ತೀರಿಸಿದ್ರ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಾಗೇ ಹೇಳೈತಿ.

6/6
ಕೊನೀದು, ಭಾಳ ಮಂದಿ ತಪ್ಪೋದು ಇಲ್ಲೇ. ಮೊದಲ ದಿನ ಕೊಟ್ಟ ಹಾಳಿ 20 ವರ್ಷ ಹಂಗೇ ಇರೋದಿಲ್ಲ. ರೇಟ್ ಫ್ಲೋಟಿಂಗ್ ಇದ್ರ ಬಡ್ಡಿ ಏರ್ತೈತಿ, ಕಂತು ಮಾತ್ರ ಅಷ್ಟೇ ಕಟ್ ಆಗ್ತಿರ್ತೈತಿ, ಗೊತ್ತೇ ಆಗೋದಿಲ್ಲ. ಏರಿದ್ದು ಅವಧಿಯಾಗ ಸೇರಿರ್ತೈತಿ. ಮಾಮಾನ ಸಾಲಕ್ಕ ಶುರುವಿನಿಂದ ಶೇ 10 ಇದ್ದು ಕಂತು 17,995ಕ್ಕೇ ನಿಂತಿದ್ರ, 240 ಅಲ್ಲ, ಸುಮಾರು 314 ಕಂತು. ಆರು ವರ್ಷ ಹೆಚ್ಚು! ಶೇ 10.8 ಆದ್ರ ತಿಂಗಳ ಬಡ್ಡಿನೇ 18,000, ಕಂತಿಗಿಂತ 5 ರೂಪಾಯಿ ಜಾಸ್ತಿ. ಆವಾಗ ಕಂತು ತುಂಬಿದ್ರೂ ಸಾಲ ಬೆಳೀತೈತಿ.

ಇದು ಬರೇ ಪುಸ್ತಕದ ಲೆಕ್ಕಲ್ಲ. ಮೇ 2022ರಿಂದ ಫೆಬ್ರವರಿ 2023ರೊಳಗ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತ್ತು. ಅದಕ್ಕೇ ಆಗಸ್ಟ್ 2023ರಾಗ ರಿಸರ್ವ್ ಬ್ಯಾಂಕ್ ಹೇಳ್ತು: ದರ ಬದಲಾದಾಗ ಕಂತು ಏರಿಸೋದಾ, ಅವಧಿ ಏರಿಸೋದಾ ಅಂತ ಸಾಲಗಾರರಿಗೇ ಆಯ್ಕೆ ಕೊಡಬೇಕು. ಮೂರು ತಿಂಗಳಿಗೊಮ್ಮೆ ಕೊಡೋ ಸ್ಟೇಟ್ಮೆಂಟ್‌ನಾಗ ಇಲ್ಲಿವರೆಗೆ ಹೋದ ಅಸಲು, ಬಡ್ಡಿ, ಉಳಿದ ಕಂತು ಎಲ್ಲಾ ಇರಬೇಕು.

ಇವತ್ತು ರಾತ್ರಿ ಅಪ್ಪಾಗ ಹೇಳಿ ನಿಮ್ಮ ಮನಿ ಸ್ಟೇಟ್ಮೆಂಟ್ ತೆಗೆಸ್ರಿ. ಉಳಿದ ಕಂತು ಎಷ್ಟು ಅನ್ನೋ ಒಂದೇ ಅಂಕಿ ನೋಡ್ರಿ. ಅಪ್ಪಾ ತಿಳ್ಕೊಂಡಿದ್ದೂ ಹಾಳಿ ಹೇಳೋದೂ ಒಂದೇ ಇದ್ರ ಆರಾಮ ಮಲಗ್ರಿ. ಇಲ್ಲಾಂದ್ರ ನಾಳೆ ಕ್ಲಾಸಿಗೆ ತಗೊಂಡ್ ಬರ್ರಿ, ಕ್ಯಾಂಟೀನ್‌ನಾಗ ಕೂತು ನೋಡೋಣು. ಚಾ ನಿಮ್ಮದು ☕