ಅಡಿಕೆ ಸುಲಿಯುವ ರಾತ್ರಿಗಳು, ತಮ್ಮನ ನಿದ್ದೆ

ಆತ್ಮೀಯ ಗೆಳತಿ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಯಿತು, ಊಟ ತಿಂಡಿ ಸರಿಯಾಗಿದೆ, ತೋಟಕ್ಕೂ ಹೋಗುತ್ತಿದ್ದಾನೆ ಎಂದು ಓದಿ ಸಮಾಧಾನವಾಯಿತು. ಆಸ್ಪತ್ರೆಯವರು ಮನೆಯವರಿಗೆಂದು ಕೊಟ್ಟ ಹಾಳೆಯ ಪ್ರತಿಯನ್ನೂ ಜೊತೆಗಿಟ್ಟಿದ್ದೀರಿ. "ಎರಡು ಸಲ ಓದಿದೆ. ಇದರಲ್ಲಿ ನಮ್ಮ ಹುಡುಗನಿಗೆ ಯಾವುದು ಅನ್ವಯ ಅಂತ ತಿಳಿಯಲಿಲ್ಲ" ಎಂದಿದ್ದೀರಿ. ಹಾಳೆಯಲ್ಲಿ ತಪ್ಪೇನೂ ಇಲ್ಲ. ನಿದ್ದೆ ಕಡಿಮೆಯಾಗುವುದು, ಮಾತು ಹೆಚ್ಚುವುದು, ದುಂದುವೆಚ್ಚ, ಸಿಡುಕು, ಎಲ್ಲವೂ ಇದೆ. ಹಾಗೆ ನೋಡಿದರೆ ಅದರ ಅರ್ಧದಷ್ಟು ಲಕ್ಷಣ ಮದುವೆ ಮನೆಯಲ್ಲಿ ಎಲ್ಲರಿಗೂ ಇರುತ್ತದೆ! ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಇಂಥ ಹಾಳೆಗಳನ್ನು ನಾನೂ ಹಂಚಿದ್ದೇನೆ. ಅದನ್ನು ಒಂದೊಂದು ಮನೆಯ ಅಳತೆಗೆ ಹೊಲಿದುಕೊಡಲು ಸಮಯ ಸಿಗುತ್ತಿರಲಿಲ್ಲ. ಈಗ ನಿಮ್ಮ ಮನೆಯದನ್ನು ಹೊಲಿಯೋಣ.

ಅದಕ್ಕೆ ಬೇಕಾದ ಬಟ್ಟೆ ನಿಮ್ಮ ಕಾಗದದಲ್ಲೇ ಇದೆ. ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದು ನವೆಂಬರ್ 28ಕ್ಕೆ. ಅಲ್ಲಿಂದ ಹಿಂದಕ್ಕೆ ಬನ್ನಿ. ಮೂರು ದಿನ ಮೊದಲು ಯಾರಿಗೂ ಹೇಳದೆ ಶಿವಮೊಗ್ಗಕ್ಕೆ ಹೋಗಿ ಜೀಪಿಗೆ ಮುಂಗಡ ಕೊಟ್ಟು ಬಂದ. ಅದಕ್ಕೆ ವಾರದ ಹಿಂದೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಕೊನೆಗಾರನ ಮೇಲೆ ರೇಗಿ ಕಳಿಸಿಬಿಟ್ಟ. ಇನ್ನೂ ಹಿಂದೆ, ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರಿನ ಭಾವನಿಗೆ ಫೋನ್ ಮಾಡಿ ಅಡಿಕೆ ಕಂಪನಿ ಶುರು ಮಾಡುವ ಮಾತಾಡಿದ. ಅದಕ್ಕೂ ಮೊದಲು, ನವೆಂಬರ್ 10ರ ಸುಮಾರಿಗೆ, ಕೊಯ್ಲಿನ ಕಾಲವೆಂದು ರಾತ್ರಿ ಎರಡರವರೆಗೆ ಅಡಿಕೆ ಸುಲಿಯುತ್ತ ಕೂತು, ನಾಲ್ಕಕ್ಕೇ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದ. "ನಮ್ಮ ಹುಡುಗ ಎಷ್ಟು ಚುರುಕಾಗಿದ್ದಾನೆ" ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು.

ಲೆಕ್ಕ ಹಾಕಿದರೆ ಹದಿನೆಂಟು ದಿನ. "ಇದ್ದಕ್ಕಿದ್ದಂತೆ ಆಗಿಬಿಟ್ಟಿತು" ಎಂದು ಬರೆದಿದ್ದೀರಲ್ಲ, ಹಾಗಾಗಲಿಲ್ಲ. ಜೀಪು ಮಾತ್ರ ಇದ್ದಕ್ಕಿದ್ದಂತೆ ಕಣ್ಣಿಗೆ ಬಿತ್ತು. ಯಾರ ತಪ್ಪೆಂದು ಹುಡುಕಲು ಇದನ್ನು ಹೇಳುತ್ತಿಲ್ಲ. ಉನ್ಮಾದ, ಖಿನ್ನತೆಗಳ ಈ ಕಾಯಿಲೆ ಒಬ್ಬನಲ್ಲಿ ಮರುಕಳಿಸುವಾಗ ಹೆಚ್ಚಾಗಿ ಹಿಂದಿನ ದಾರಿಯನ್ನೇ ಹಿಡಿಯುತ್ತದೆ. ಒಬ್ಬನಿಗೆ ದೇವರ ಪೂಜೆ ದಿಢೀರನೆ ಹೆಚ್ಚುತ್ತದೆ, ಇನ್ನೊಬ್ಬಳು ಬಣ್ಣಬಣ್ಣದ ಸೀರೆಗಳನ್ನು ಒಟ್ಟಿಗೆ ಕೊಳ್ಳುತ್ತಾಳೆ. ನಿಮ್ಮ ತಮ್ಮನಿಗೆ ಮೊದಲು ನಿದ್ದೆ, ಆಮೇಲೆ ಹೊತ್ತಲ್ಲದ ಹೊತ್ತಿನ ಫೋನು, ಆಮೇಲೆ ಆಳುಕಾಳಿನ ಮೇಲೆ ಸಿಟ್ಟು, ಕೊನೆಗೆ ದುಡ್ಡು. ದುಡ್ಡಿನ ಹೊತ್ತಿಗೆ ಅವನ ಕೈ ಹಿಡಿಯುವುದು ಕಷ್ಟ, ಏಕೆಂದರೆ ಆಗ ಅವನ ಪಾಲಿಗೆ ನೀವೇ ಮಂದಬುದ್ಧಿಯವರು. ನಿದ್ದೆಯ ಹಂತದಲ್ಲಿ ಅವನು ನಿಮ್ಮ ಮಾತು ಕೇಳುತ್ತಾನೆ.

ನಿದ್ದೆ ಬಾರದೆ ಹೊರಳಾಡುವುದಕ್ಕೂ ನಿದ್ದೆಯೇ ಬೇಡವಾಗುವುದಕ್ಕೂ ವ್ಯತ್ಯಾಸ ಇದೆ. ನೀವೋ ನಾನೋ ರಾತ್ರಿ ಮೂರು ಗಂಟೆ ಮಲಗಿದರೆ ಮಾರನೇ ದಿನ ಕಣ್ಣು ಉರಿ, ಮೈಭಾರ. ಉನ್ಮಾದ ಹತ್ತಿರ ಬರುವಾಗ ಮೂರೇ ಗಂಟೆ ಮಲಗಿದವನು ಬೆಳಿಗ್ಗೆ ಎಂಟು ಗಂಟೆ ಮಲಗಿದವನಿಗಿಂತ ಹುರುಪಾಗಿರುತ್ತಾನೆ. ಆದ್ದರಿಂದ "ಎಷ್ಟು ಹೊತ್ತು ಮಲಗಿದೆ" ಎನ್ನುವುದರ ಜೊತೆಗೆ, ಮಧ್ಯಾಹ್ನ ಊಟವಾದ ಮೇಲೆ ಅವನು ಹೇಗಿದ್ದಾನೆ ಎಂದೂ ನೋಡಿ. ಇನ್ನೊಂದು ಸಂಗತಿ: ಕಡಿಮೆ ನಿದ್ದೆ ಕಾಯಿಲೆಯ ಗುರುತು ಮಾತ್ರವಲ್ಲ, ಅದೇ ಕಾಯಿಲೆಯನ್ನು ಎಬ್ಬಿಸಲೂಬಹುದು. ಸುಲಿತದ ರಾತ್ರಿಗಳು, ಬೆಳಗಾಗುವವರೆಗಿನ ಯಕ್ಷಗಾನ, ಶಿವರಾತ್ರಿಯ ಜಾಗರಣೆ, ರಾತ್ರಿ ಬಸ್ಸಿನ ಪ್ರಯಾಣ ಇವೆಲ್ಲ ಅವನ ಮಟ್ಟಿಗೆ ಬೇರೆಯೇ ಲೆಕ್ಕ. ಈ ವರ್ಷ ಅವನು ಹಗಲಿನ ಕೆಲಸ ವಹಿಸಿಕೊಳ್ಳಲಿ, ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು. ಸುಲಿತಕ್ಕೆ ಕೂತರೂ ಒಂಬತ್ತೂವರೆಗೆ ಏಳಲಿ.

ಮುಂದಿನ ಕೆಲಸ, ಈ ಗುರುತುಗಳ ಪಟ್ಟಿಯನ್ನು ಅವನ ಜೊತೆ ಕೂತು ಬರೆಯುವುದು. ಅವನು ಚೆನ್ನಾಗಿರುವಾಗಲೇ ಬರೆಯಬೇಕು, ಅಂದರೆ ಈಗ. ನಿಮಗೆ ಕಂಡದ್ದನ್ನು ನೀವು ಹೇಳಿ, ಒಳಗೆ ಏನಾಗುತ್ತಿತ್ತು ಎಂದು ಅವನನ್ನು ಕೇಳಿ. "ಯೋಚನೆಗಳು ಒಂದರ ಮೇಲೊಂದು ಓಡುತ್ತಿದ್ದವು" ಎಂದೋ "ಎಲ್ಲದರ ಬಣ್ಣ ಹೆಚ್ಚು ಹೊಳೆಯುತ್ತಿತ್ತು" ಎಂದೋ ಅವನು ಹೇಳಬಹುದು. ಮನೆಯವರ ಕಣ್ಣಿಗೆ ಬೀಳುವ ಮೊದಲೇ ಅದು ಅವನಿಗೆ ಗೊತ್ತಾಗಿರುತ್ತದೆ. ಈ ಪಟ್ಟಿ ಬರೆಯುವುದರಿಂದ ಪ್ರಯೋಜನ ಉಂಟೇ ಎಂದು ಇಂಗ್ಲೆಂಡಿನಲ್ಲಿ 69 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಮೊದಲ ಚಿಹ್ನೆ ಗುರುತಿಸಿ ಬೇಗ ವೈದ್ಯರ ಬಳಿ ಹೋಗಲು ಕಲಿತವರಲ್ಲಿ ಉನ್ಮಾದ ಮರುಕಳಿಸುವುದು ಸಾಕಷ್ಟು ತಡವಾಯಿತು. ಖಿನ್ನತೆಯ ವಿಷಯದಲ್ಲಿ ಮಾತ್ರ ಅಂಥ ಗುಣ ಕಾಣಲಿಲ್ಲ. ಖಿನ್ನತೆ ಸದ್ದಿಲ್ಲದೆ, ನಿಧಾನವಾಗಿ ಇಳಿಯುತ್ತದೆ. ಎರಡು ದಿನ ಸ್ನಾನ ತಪ್ಪುವುದು, ಫೋನ್ ಎತ್ತದಿರುವುದು, ತೋಟಕ್ಕೆ ನಾಳೆ ಹೋದರಾಯಿತು ಎನ್ನುವುದು. ಅದನ್ನು ಸೋಮಾರಿತನ ಎನ್ನುವವರೇ ಹೆಚ್ಚು. ಹಾಗಾಗಿ ಅವನ್ನೂ ಪಟ್ಟಿಯಲ್ಲಿ ಬರೆದಿಡಿ. "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಪಟ್ಟಿ ನೋಡುತ್ತ ಕೂರಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಒಬ್ಬನನ್ನೇ ಬಿಡಬೇಡಿ, ತೋಟದ ಔಷಧಿಗಳನ್ನು ಬೀಗದೊಳಗಿಡಿ, ಅಂದೇ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪಟ್ಟಿ ಕೈಗೆ ಬಂದ ಕೂಡಲೇ ಮನೆಯವರೆಲ್ಲ ಪೊಲೀಸರಾಗುವ ಅಪಾಯವಿದೆ. ಹುಡುಗ ಸ್ವಲ್ಪ ಜೋರಾಗಿ ನಕ್ಕರೂ "ಮಾತ್ರೆ ತಗೊಂಡ್ಯಾ?" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಾರೆ. ನಿಮ್ಮಲ್ಲಿ ಈಗಾಗಲೇ ಅದು ಶುರುವಾಗಿದೆ ಎಂದು ನಿಮ್ಮ ಕಾಗದ ಓದಿ ಅನ್ನಿಸಿತು. ನಾನು ಹೇಳುತ್ತಿದ್ದ ಒಂದು ಲೆಕ್ಕ ಇದು: ಪಟ್ಟಿಯ ಯಾವುದಾದರೂ ಎರಡು ಗುರುತು, ಎರಡು ದಿನ ಸತತವಾಗಿ. ಅದಕ್ಕಿಂತ ಕಡಿಮೆಯಾದರೆ ಸುಮ್ಮನಿರಿ. ಹೇಳುವವರು ಒಬ್ಬರೇ ಇರಲಿ, ಆ ಒಬ್ಬರನ್ನು ಅವನೇ ಆರಿಸಲಿ. ಅಕ್ಕನನ್ನೇ ಆರಿಸುತ್ತಾನೆಂದು ನನ್ನ ಊಹೆ.

ಆ ಎರಡನೇ ದಿನ ಮಾಡಬೇಕಾದ್ದು ಬಹಳವೇನಿಲ್ಲ. ವೈದ್ಯರಿಗೆ ಫೋನ್ ಮಾಡಿ, ಮುಂದಿನ ತಿಂಗಳ ಭೇಟಿಯನ್ನು ಈ ವಾರಕ್ಕೇ ಕೇಳಿ. ಸಂಜೆಯ ಮೇಲೆ ಕಾಫಿ, ಟೀ ಬೇಡ. ಒಂಬತ್ತಕ್ಕೆ ದೀಪ ಆರಿಸಿ, ಫೋನು ಜಗಲಿಯಲ್ಲಿರಲಿ. ಇಂಥ ದಿನಗಳಿಗೆಂದೇ ಕೆಲವು ವೈದ್ಯರು ಯಾವ ಮಾತ್ರೆಯನ್ನು ಎಷ್ಟು ರಾತ್ರಿ ಸೇರಿಸಬೇಕೆಂದು ಮೊದಲೇ ಬರೆದುಕೊಡುತ್ತಾರೆ. ಮುಂದಿನ ಭೇಟಿಯಲ್ಲಿ ಕೇಳಿ ನೋಡಿ. ಎಟಿಎಂ ಕಾರ್ಡು ನಿಮ್ಮ ಕೈಯಲ್ಲಿರಬೇಕಾದರೆ ಅದರ ಒಪ್ಪಂದವೂ ಈಗಲೇ, ಅವನ ಒಪ್ಪಿಗೆಯ ಮೇಲೆ ಆಗಬೇಕು. ಆ ಹೊತ್ತಿಗೆ ಕಿತ್ತುಕೊಳ್ಳಲು ಹೋದರೆ ಜಗಳವಾಗುತ್ತದೆ, ಕಾರ್ಡು ಸಿಗುವುದಿಲ್ಲ.

ಈಗ ಅಮ್ಮನ ಪ್ರಶ್ನೆ: "ಗುಣವಾಗಿದೆಯಲ್ಲ, ಇನ್ನೂ ಯಾಕೆ ಲಿಥಿಯಂ?" ಆಸ್ಪತ್ರೆಯಲ್ಲಿ ಕೊಟ್ಟದ್ದು ಎದ್ದ ಅಲೆಯನ್ನು ಇಳಿಸಲು. ಈಗ ಕೊಡುತ್ತಿರುವುದು ಮುಂದಿನ ಅಲೆ ಏಳದಿರಲಿ ಎಂದು. ಈ ಎರಡನೇ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ, ಅದಕ್ಕೇ ಬಿಡುವ ಮನಸ್ಸಾಗುತ್ತದೆ. ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಮುಂದಿನ ಕೆಲವೇ ತಿಂಗಳಲ್ಲಿ ಕಾಯಿಲೆ ಮರಳುವ ಅಪಾಯ ಹೆಚ್ಚು, ಅದರಲ್ಲೂ ಉನ್ಮಾದ. ಎಂದಾದರೂ ನಿಲ್ಲಿಸಬೇಕಾಗಿ ಬಂದರೆ ವೈದ್ಯರೇ ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ, ಇಳಿಸುತ್ತ ಬರುತ್ತಾರೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ.

ರಕ್ತಪರೀಕ್ಷೆಯ ಅಂಕಿ ಒಮ್ಮೆ 0.7, ಇನ್ನೊಮ್ಮೆ 1.1 ಬಂದದ್ದಕ್ಕೆ ಗಾಬರಿಯಾಗಿದ್ದೀರಿ. ದೀರ್ಘಕಾಲಕ್ಕೆ ಸಾಮಾನ್ಯವಾಗಿ 0.6ರಿಂದ 0.8ರ ನಡುವೆ ಇರಲಿ ಎನ್ನುತ್ತಾರೆ, ಕೆಲವರಿಗೆ 1.0ರವರೆಗೂ ಬೇಕಾಗುತ್ತದೆ. ಆದರೆ ರಕ್ತ ಕೊಡಬೇಕಾದ್ದು ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ, ಬೆಳಗಿನ ಮಾತ್ರೆ ಅದಾದ ಮೇಲೆ. ಎರಡನೇ ಸಲ ಅವನು ತಿಂಡಿಯ ಜೊತೆ ಮಾತ್ರೆ ನುಂಗಿಯೇ ಲ್ಯಾಬಿಗೆ ಹೋಗಿದ್ದ ಎಂದು ನೀವೇ ಬರೆದಿದ್ದೀರಿ. ಅಂಕಿ ಏರಿದ್ದಕ್ಕೆ ಅದೊಂದೇ ಸಾಕು. ಆದರೂ ವೈದ್ಯರಿಗೆ ಹಾಗೆಯೇ ತಿಳಿಸಿ, ಸರಿಯಾದ ಹೊತ್ತಿಗೆ ಇನ್ನೊಮ್ಮೆ ಮಾಡಿಸಿ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಗಳನ್ನೂ ಸುಮಾರು ಆರು ತಿಂಗಳಿಗೊಮ್ಮೆ ಮಾಡಿಸುತ್ತಿರಬೇಕು.

ಅಂಕಿ ಏರಲು ನಿಮ್ಮ ಮನೆಯಲ್ಲಿ ಇನ್ನೊಂದು ಕಾರಣವೂ ಇರಬಹುದು: ಉಪ್ಪು. ಅಮ್ಮನಿಗೆ ಬಿಪಿ ಎಂದು ಇಡೀ ಮನೆಯ ಅಡುಗೆಗೆ ಉಪ್ಪು ಇಳಿಸಿದ್ದೀರಿ. ಮೂತ್ರಪಿಂಡ ಲಿಥಿಯಮ್ಮನ್ನು ಹೆಚ್ಚುಕಡಿಮೆ ಉಪ್ಪಿನ ಸೋಡಿಯಮ್ಮಿನ ಹಾಗೆಯೇ ಕಾಣುತ್ತದೆ. ದೇಹದಲ್ಲಿ ಉಪ್ಪು ಕಡಿಮೆಯಾದರೆ ಸೋಡಿಯಮ್ಮನ್ನು ಹಿಡಿದಿಟ್ಟುಕೊಳ್ಳುವಾಗ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ತೋಟದಲ್ಲಿ ಬೆವರಿದಾಗ, ವಾಂತಿ ಭೇದಿಯಾದಾಗ, ನೀರೂ ಕುಡಿಯದ ಏಕಾದಶಿಯಲ್ಲಿ ಆಗುವುದೂ ಅದೇ. ಅವನ ತಟ್ಟೆಯ ಉಪ್ಪು ಒಂದೇ ಸಮ ಇರಲಿ, ಹೆಚ್ಚಿಸುವುದೂ ಬೇಡ. ಸೊಂಟನೋವಿಗೆ ಪೇಟೆಯ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ನೋವಿಗೆ ಸಾಧಾರಣವಾಗಿ ಪ್ಯಾರಾಸಿಟಮಾಲ್ ಸಾಕು. ಕೈಬೆರಳು ಸಣ್ಣಗೆ ನಡುಗುವುದು ಈ ಮಾತ್ರೆಯಲ್ಲಿ ಸಾಮಾನ್ಯ. ಕಾಫಿ ಲೋಟ ತುಳುಕುವಷ್ಟು ನಡುಕ, ತೊದಲು ಮಾತು, ತೂರಾಡುವ ನಡಿಗೆ, ವಾಂತಿ ಭೇದಿ, ಮಂಪರು ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಲಿಥಿಯಂ ನುಂಗುತ್ತಿದ್ದಾನೆ ಎಂದು ಬಾಗಿಲಲ್ಲೇ ಹೇಳಿ.

ಕಾಗದದ ಕೊನೆಯ ಸಾಲಿನಲ್ಲಿ, ಅಡಿಕೆ ಸುಲಿಯುವ ಯಂತ್ರ ಕೊಳ್ಳುವ ಮಾತು ತೆಗೆದಿದ್ದಾನೆ, ಇದೂ ಜೀಪಿನಂಥದ್ದೇ ಇರಬಹುದೇ ಎಂದು ಕೇಳಿದ್ದೀರಿ. ನೀವು ಬರೆದದ್ದನ್ನೇ ಮತ್ತೆ ಓದಿದೆ. ರಾತ್ರಿ ಹತ್ತಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದಾನೆ. ಪಕ್ಕದ ಮನೆಯ ಯಂತ್ರವನ್ನು ಎರಡು ಸಲ ನೋಡಿ ಬಂದಿದ್ದಾನೆ. ಮೂರು ಕಡೆ ದರ ಕೇಳಿದ್ದಾನೆ, ಸಬ್ಸಿಡಿ ಅರ್ಜಿಗೆ ಕಾಯೋಣ ಎಂದಿದ್ದಾನೆ, ನಿಮ್ಮ ಅಭಿಪ್ರಾಯವನ್ನೂ ಕೇಳಿದ್ದಾನೆ. ಇದರಲ್ಲಿ ಪಟ್ಟಿಯ ಒಂದು ಗುರುತೂ ನನಗೆ ಕಾಣಲಿಲ್ಲ. ರಾತ್ರಿಯ ಸುಲಿತ ತಪ್ಪಿಸಲು ನಾನು ಮೇಲೆ ಅಷ್ಟುದ್ದ ಬರೆದೆನಲ್ಲ, ಅವನು ಅದಕ್ಕೆ ಆಗಲೇ ದಾರಿ ಹುಡುಕಿದ್ದಾನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಪಟ್ಟಿ ಬರೆದಾದ ಮೇಲೆ ಒಂದು ಪ್ರತಿ ನನಗೂ ಕಳಿಸಿ, ಅವನು ಒಪ್ಪಿದರೆ ಮಾತ್ರ.

ನಿಮ್ಮ ಗೆಳತಿ