ಟಿಪ್ಸಿಯಾನನೂ ನಮ್ಮ ಟೈಟೋತ್ಕಚನೂ

ನೂರೈವತ್ತು ವರ್ಷ ಹಳೆಯ ಒಂದು ನಾಟಕ. ಅದರ ಸಂಗೀತ ಬಹುಪಾಲು ಕಳೆದುಹೋಗಿದೆ. ಅಂದಿನ ಲಂಡನ್ನಿನ ಜನರನ್ನು ನಗಿಸಿದ ಸಮಕಾಲೀನ ಚುಚ್ಚುಮಾತುಗಳು ಇಂದು ಅಡಿಟಿಪ್ಪಣಿ ಇಲ್ಲದೆ ಅರ್ಥವಾಗುವುದಿಲ್ಲ. ಆದರೆ ಅದರ ಪಾತ್ರಗಳ ಪಟ್ಟಿಯನ್ನು ಯಾರಾದರೂ ಜೋರಾಗಿ ಓದಿದರೆ ಸಾಕು, ಇಂಗ್ಲಿಷ್ ತಿಳಿದವರು ಇವತ್ತಿಗೂ ನಗುತ್ತಾರೆ. ನಾವು ಹೇಳುತ್ತಿರುವುದು ‘ಥೆಸ್ಪಿಸ್’ ನಾಟಕದ ಬಗ್ಗೆ. ಡಬ್ಲ್ಯೂ. ಎಸ್. ಗಿಲ್ಬರ್ಟ್ ಬರೆದು, ಆರ್ಥರ್ ಸಲಿವನ್ ಸಂಗೀತ ಕೊಟ್ಟ ಈ ಅಣಕು ಗೀತನಾಟಕ 1871ರ ಡಿಸೆಂಬರ್ 26ರಂದು ಲಂಡನ್ನಿನ ಗೇಯಟಿ ಥಿಯೇಟರಿನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಇದು.

ಇಷ್ಟು ದೂರದ ನಾಟಕಕ್ಕೆ ನಾವು ಗಂಟುಬೀಳಲು ಕಾರಣ ನಮ್ಮೂರಿನ ಗಣೇಶೋತ್ಸವ. ಗೆಳೆಯರ ತಂಡವೊಂದು ಪೌರಾಣಿಕ ಹಾಸ್ಯ ನಾಟಕ ಬರೆದುಕೊಡಿ ಎಂದು ಕೇಳಿತ್ತು. ಕಥೆ ಸಿಕ್ಕಿತ್ತು, ಹೆಸರುಗಳು ಸಿಕ್ಕಿರಲಿಲ್ಲ. ಹೆಸರಿನಲ್ಲೇ ನಗಿಸುವವರು ಅದನ್ನು ಹೇಗೆ ಮಾಡುತ್ತಾರೆ ಎಂದು ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಗಿಲ್ಬರ್ಟ್.

ಕಥೆ ಸರಳ. ಒಲಿಂಪಸ್ ಪರ್ವತದ ಮೇಲಿನ ಗ್ರೀಕ್ ದೇವತೆಗಳಿಗೆ ವಯಸ್ಸಾಗಿದೆ. ದೇಗುಲ ಹಾಳು ಬಿದ್ದಿದೆ. ಬೇಟೆಯ ದೇವತೆ ಡಯಾನಾ ಚಳಿ ತಡೆಯಲಾರದೆ ಬಟ್ಟೆ ಸುತ್ತಿಕೊಂಡು ಕೂತಿದ್ದಾಳೆ. ದೂತನಾದ ಮರ್ಕ್ಯುರಿ ಮಾತ್ರ ಎಲ್ಲರ ಕೆಲಸವನ್ನೂ ತಾನೇ ಮಾಡಿ ಸುಸ್ತಾಗಿದ್ದಾನೆ. ಆಗ ಒಂದು ನಾಟಕ ಕಂಪನಿ, ತಮ್ಮವರಿಬ್ಬರ ಮದುವೆಯ ಖುಷಿಗೆ ಅಲ್ಲಿ ಊಟದ ಬುತ್ತಿ ಬಿಚ್ಚಲು ಬೆಟ್ಟ ಹತ್ತಿ ಬರುತ್ತದೆ. ಕಂಪನಿಯ ಯಜಮಾನ ಥೆಸ್ಪಿಸ್ ದೇವತೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಒಂದು ವರ್ಷ ನೀವು ಭೂಮಿಗೆ ಹೋಗಿ ಜನ ನಿಮ್ಮ ಬಗ್ಗೆ ಏನನ್ನುತ್ತಾರೆ ನೋಡಿ ಬನ್ನಿ, ಅಷ್ಟು ದಿನ ನಿಮ್ಮ ವೇಷ ನಾವು ಹಾಕುತ್ತೇವೆ ಎನ್ನುತ್ತಾನೆ. ವರ್ಷ ಕಳೆದು ದೇವತೆಗಳು ಮರಳಿದಾಗ ಲೋಕವೆಲ್ಲ ತಲೆಕೆಳಗಾಗಿರುತ್ತದೆ.

ಈಗ ಆ ಕಂಪನಿಯವರ ಹೆಸರು ನೋಡಿ. ಟಿಪ್ಸಿಯಾನ್, ಸ್ಟುಪಿಡಾಸ್, ಟಿಮಿಡಾನ್, ಸಿಲ್ಲಿಮಾನ್, ಪ್ರೆಪೋಸ್ಟೆರಾಸ್, ಸ್ಪಾರ್ಕಿಯಾನ್, ಪ್ರೆಟ್ಟಿಯಾ, ನೈಸೆಮಿಸ್. ಕಣ್ಣಿಗೆ ಗ್ರೀಕ್, ಕಿವಿಗೆ ಪಕ್ಕಾ ಇಂಗ್ಲಿಷ್. ಟಿಪ್ಸಿ ಎಂದರೆ ಅಮಲೇರಿದವನು. ಟಿಮಿಡ್ ಎಂದರೆ ಪುಕ್ಕಲ. ಸಿಲ್ಲಿ ಎಂದರೆ ಪೆಕರ. ಪ್ರೆಟ್ಟಿಯಾ ಚೆಂದದವಳು. ಸ್ಟುಪಿಡಾಸನಿಗೆ ಅರ್ಥ ಹೇಳುವ ಅಗತ್ಯವೇ ಇಲ್ಲ.

ಮಾಡಿದ್ದು ಇಷ್ಟೇ. ಹೆಸರಿನ ತಲೆ ಬೀದಿಯ ಮಾತು, ಬಾಲ ಪುರಾಣದ್ದು. ಮಿಡಾಸ್, ಲಿಯೋನಿಡಾಸ್ ಎಂದು ಕೇಳಿ ಪಳಗಿದ ಕಿವಿಗೆ ಸ್ಟುಪಿಡಾಸ್ ಕೂಡ ಅದೇ ವಂಶದ ವೀರನಂತೆ ಕೇಳಿಸುತ್ತದೆ. ಫಿಲೆಮಾನ್ ಎಂಬ ಹೆಸರು ಗೊತ್ತಿದ್ದವರಿಗೆ ಸಿಲ್ಲಿಮಾನ್ ಅದರ ಬಡ ದಾಯಾದಿ. ನೈಸೆಮಿಸ್ ಇನ್ನೂ ನಾಜೂಕು. ಅದನ್ನು ಬಿಡಿಸಿದರೆ ‘ನೈಸ್ ಮಿಸ್’, ಅಂದರೆ ಒಳ್ಳೆಯ ಹುಡುಗಿ. ಕೂಡಿಸಿ ಓದಿದರೆ ನೆಮೆಸಿಸ್, ಆರ್ಟೆಮಿಸ್ ಎಂಬ ದೇವಿಯರ ಹೆಸರಿನ ನೆರಳು. ಡಯಾನಾಳಿಗೆ ಗ್ರೀಕರು ಕರೆಯುವ ಹೆಸರು ಆರ್ಟೆಮಿಸ್. ನಾಟಕದಲ್ಲಿ ನೈಸೆಮಿಸ್ ಹಾಕುವ ವೇಷವೂ ಡಯಾನಾಳದೇ.

ಈ ಹೆಸರುಗಳು ಯಾಕೆ ಉಳಿದವು ಎಂದು ಯೋಚಿಸುವಾಗ, ಅದೇ ನಾಟಕದಲ್ಲಿ ಏನು ಉಳಿಯಲಿಲ್ಲ ಎಂಬುದನ್ನೂ ನೋಡಬೇಕು. ಥೆಸ್ಪಿಸ್ ಹಾಡುವ ಒಂದು ಹಾಡು ರೈಲ್ವೆ ಕಂಪನಿಯ ಅಧ್ಯಕ್ಷನೊಬ್ಬನ ಕುರಿತದ್ದು. ಕೈಕೆಳಗಿನವರ ಜೊತೆ ಅತಿ ಸಲಿಗೆಯಿಂದಿದ್ದು ಕೆಟ್ಟವನು ಅವನು. ಅಂದಿನ ಪ್ರೇಕ್ಷಕರು ಅದರಲ್ಲಿ ತಮಗೆ ಗೊತ್ತಿದ್ದ ದೊಡ್ಡ ಮನುಷ್ಯರೊಬ್ಬರನ್ನು ಕಂಡು ನಕ್ಕರಂತೆ. ಇಂದು ಆ ಮನುಷ್ಯ ಯಾರಿಗೂ ನೆನಪಿಲ್ಲ, ಹಾಗಾಗಿ ಆ ನಗುವೂ ಇಲ್ಲ. ಒಬ್ಬ ವ್ಯಕ್ತಿಗೆ ಅಂಟಿಸಿದ ತಮಾಷೆ ಆ ವ್ಯಕ್ತಿಯ ಜೊತೆಗೇ ಮಣ್ಣಾಗುತ್ತದೆ. ದಿನಬಳಕೆಯ ಮಾತಿಗೆ ಅಂಟಿಸಿದ್ದು ಆ ಮಾತು ಬದುಕಿರುವವರೆಗೂ ಬದುಕುತ್ತದೆ. ‘ಸ್ಟುಪಿಡ್’ ಇನ್ನೂ ಗಟ್ಟಿಯಾಗಿದೆ, ಆದ್ದರಿಂದ ಸ್ಟುಪಿಡಾಸನೂ ಗಟ್ಟಿ.

ಇದಕ್ಕೆ ಸಾಕ್ಷಿ ಸ್ಪಾರ್ಕಿಯಾನ್. ಈ ಹೆಸರು ಮಾತ್ರ ಅರ್ಧ ಆರಿದೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಪಾರ್ಕ್’ ಎಂದರೆ ಶೋಕಿಲಾಲ, ಹುಡುಗಿಯರ ಹಿಂದೆ ಸುತ್ತುವ ಯುವಕ. ಆ ಬಳಕೆ ಈಗ ಅಪರೂಪ. ಇಂದಿನ ಕಿವಿಗೆ ಕೇಳುವುದು ಬರೀ ಕಿಡಿ. ಅವನು ಸೂರ್ಯದೇವ ಅಪೊಲೊನ ವೇಷ ಹಾಕುವುದರಿಂದ ಕಿಡಿಯ ಅರ್ಥವೂ ಹೇಗೋ ಒಗ್ಗಿಕೊಂಡು ಹೆಸರು ಉಸಿರಾಡುತ್ತಿದೆ. ಆದರೆ ಬರೆದವನು ಉದ್ದೇಶಿಸಿದ ತುಂಟತನ ಅಡಿಟಿಪ್ಪಣಿಗೆ ಸರಿದಿದೆ.

ಇನ್ನೊಂದು ವಿಷಯ ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ಹೆಸರು ಒಂದು ಸಲ ನಗಿಸುತ್ತದೆ, ಎರಡನೇ ಸಲ ಮುಗುಳುನಗೆ, ಮೂರನೇ ಸಲಕ್ಕೆ ಅದು ಬರೀ ಹೆಸರು. ಹಾಗಾಗಬಾರದು ಎಂದರೆ ಕಥೆ ಅದನ್ನು ದುಡಿಸಿಕೊಳ್ಳಬೇಕು. ಟಿಪ್ಸಿಯಾನನ ಪಾಡು ನೋಡಿ. ಹೆಸರಿನಲ್ಲೇ ಅಮಲಿರುವ ಅವನಿಗೆ ದ್ರಾಕ್ಷಾರಸದ ದೇವರಾದ ಬ್ಯಾಕಸ್‌ನ ಕೆಲಸ ಸಿಗುತ್ತದೆ. ಪ್ರೇಕ್ಷಕರು ಇನ್ನು ಮುಗಿಯಿತು, ಲೋಕವೆಲ್ಲ ತೂರಾಡುತ್ತದೆ ಎಂದುಕೊಳ್ಳುತ್ತಾರೆ. ಆದರೆ ಅವನು ಕುಡಿತ ಬಿಡುವ ಪ್ರಮಾಣ ಮಾಡಿದವನು. ಪರಿಣಾಮವಾಗಿ ಭೂಮಿಯ ದ್ರಾಕ್ಷಿಯಲ್ಲಿ ಮದ್ಯದ ಬದಲು ಶುಂಠಿ ಪಾನಕ ಬರತೊಡಗುತ್ತದೆ, ಭಕ್ತರ ದೂರು ಒಲಿಂಪಸ್ಸಿಗೆ ತಲುಪುತ್ತದೆ. ಹೆಸರು ಒಂದು ದಾರಿ ತೋರಿಸಿತು, ಕಥೆ ಇನ್ನೊಂದು ದಾರಿ ಹಿಡಿಯಿತು. ಟಿಮಿಡಾನ್ ಕೂಡ ಹಾಗೆಯೇ. ಪುಕ್ಕಲನಿಗೆ ಸಿಕ್ಕಿದ್ದು ಯುದ್ಧದೇವ ಮಾರ್ಸ್‌ನ ಪಾತ್ರ.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ನಾವು ಕನ್ನಡದ ಹೆಸರು ಕಟ್ಟಲು ಕುಳಿತೆವು. ಗ್ರೀಕ್ ಬಾಲದ ಜಾಗದಲ್ಲಿ ನಮಗೆ ನಮ್ಮ ಪುರಾಣದ ಬಾಲಗಳಿವೆ. ಒಂದು ಸಂಜೆಯಲ್ಲಿ ಟೈಟೋತ್ಕಚ, ಹೆದರ್ಜುನ, ದಡ್ಡರಥ, ಶೋಕೀರಥ, ಚೆಂದಮತಿ ಎಲ್ಲ ಹುಟ್ಟಿದರು. ಬರೆದದ್ದನ್ನು ನೋಡಿ ನಾವೇ ನಕ್ಕೆವು. ಆದರೆ ನಾಟಕವನ್ನು ನೋಡುವವರು ಓದುವುದಿಲ್ಲ, ಕೇಳುತ್ತಾರೆ. ಮೈಕಿನಲ್ಲಿ, ಮಕ್ಕಳ ಗಲಾಟೆಯ ನಡುವೆ, ಒಂದೇ ಸಲ ಕೇಳುತ್ತಾರೆ. ಹಾಗಾಗಿ ಗೆಳತಿಯೊಬ್ಬಳು ಪಕ್ಕದ ಕೋಣೆಯಿಂದ ಒಂದೊಂದೇ ಹೆಸರನ್ನು ಸಹಜ ವೇಗದಲ್ಲಿ ಕೂಗಿದಳು. ಪಟ್ಟಿ ನೋಡಿರದ ನಾಲ್ವರು ಈಚೆ ಕುಳಿತು ಕೇಳಿದರು.

ಹೆದರ್ಜುನ ತಕ್ಷಣ ಗೆದ್ದ. ‘ಹೆದರು’ ಮುಗಿಯುವ ಜಾಗದಲ್ಲೇ ‘ಅರ್ಜುನ’ ಶುರುವಾಗುವುದರಿಂದ ಬೆಸುಗೆ ಕಾಣುವುದಿಲ್ಲ. ಟೈಟೋತ್ಕಚನೂ ಗೆದ್ದ, ಏಕೆಂದರೆ ಘಟೋತ್ಕಚನ ನಾಲ್ಕಕ್ಷರದಲ್ಲಿ ಬದಲಾದದ್ದು ಮೊದಲನೆಯದು ಮಾತ್ರ. ಚೆಂದಮತಿಯನ್ನು ಎಲ್ಲರೂ ಚಂದ್ರಮತಿ ಎಂದೇ ಕೇಳಿಸಿಕೊಂಡರು. ವ್ಯತ್ಯಾಸ ತೀರಾ ಸಣ್ಣದಾದರೆ ಕಿವಿ ತಾನೇ ತಿದ್ದಿಕೊಂಡುಬಿಡುತ್ತದೆ. ಪ್ರೆಪೋಸ್ಟೆರಾಸನಿಗಾಗಿ ಮಾಡಿದ ‘ಅಸಂಬದ್ಧಾಸುರ’ ಯಾರಿಗೂ ನಗು ತರಿಸಲಿಲ್ಲ. ಅಸಂಬದ್ಧ ಎಂಬುದು ನಮ್ಮೂರ ಜಗಲಿಯ ಮಾತಲ್ಲ, ಬಾಲದಷ್ಟೇ ಗಂಭೀರ. ತಲೆಯೂ ಬಾಲವೂ ಒಂದೇ ಅಂತಸ್ತಿನವಾದರೆ ಹೆಸರು ನಿಜವಾದ ಅಸುರನದೇ ಆಗಿಬಿಡುತ್ತದೆ. ನೈಸೆಮಿಸ್‌ಗೆ ಬದಲಾಗಿ ದ್ರೌಪದಿಯ ಬಾಲ ಹಿಡಿದು ‘ಪಾಪದಿ’ ಎಂದು ಪ್ರಯತ್ನಿಸಿದೆವು. ಪಾಪದ ಹುಡುಗಿ ಎಂಬ ಅರ್ಥದಲ್ಲಿ. ಭಾಗವತಿಕೆ ಕೇಳಿ ಬೆಳೆದ ಒಬ್ಬನಿಗೆ ಅದು ‘ಪಾಪದಿಂದ’ ಎಂದು ಕೇಳಿಸಿತು. ಅವಳನ್ನು ಅಲ್ಲೇ ಬಿಟ್ಟೆವು.

ಉಳಿದದ್ದು ದಡ್ಡರಥ. ಕಿವಿಯ ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ಆದರೆ ಉತ್ಸವ ಸಮಿತಿಯ ಹಿರಿಯರೊಬ್ಬರು ಪಟ್ಟಿ ಕೇಳಿ ಸುಮ್ಮನಾದರು. ಆಮೇಲೆ ಮೆಲ್ಲಗೆ, “ದೇವ್ರ ಮನೇವ್ರಿಗೇ ಹೆಸ್ರಿಡ್ತೀರಲ್ರಪ್ಪ” ಎಂದರು. ಹೆಸರಿಡುವುದು ಎಂದರೆ ನಾಮಕರಣವೂ ಹೌದು, ಕೊಂಕು ತೆಗೆಯುವುದೂ ಹೌದು. ನಮ್ಮ ಅಷ್ಟೂ ಪ್ರಾಸಕ್ಕಿಂತ ಅವರ ಒಂದು ಮಾತಿನ ಶ್ಲೇಷೆ ಚುರುಕಾಗಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ರಾಮನ ತಂದೆಯ ವೇಷ ರಂಗಕ್ಕೆ ಬಂದಾಗ ಎದ್ದು ಕೈಮುಗಿಯುವವರು ಆ ಸಭೆಯಲ್ಲಿ ಇರುತ್ತಾರೆ.

ಮತ್ತೆ ಗಿಲ್ಬರ್ಟನ ಪಟ್ಟಿ ತೆಗೆದೆವು. ಆಗ ಕಂಡದ್ದು ಮೊದಲೇ ಕಣ್ಣೆದುರಿಗಿದ್ದ ಸಂಗತಿ. ಅವನ ನಾಟಕದಲ್ಲಿ ದೇವತೆಗಳಿಗೆ ಅಡ್ಡಹೆಸರೇ ಇಲ್ಲ. ಜುಪಿಟರ್ ಜುಪಿಟರನೇ, ಅಪೊಲೊ ಅಪೊಲೊನೇ. ಶ್ಲೇಷೆ ಪೂರ್ತಿ ಕಂಪನಿಯ ನಟರ ಪಾಲಿಗೆ. ಅದರಲ್ಲೂ ಯಜಮಾನ ಥೆಸ್ಪಿಸ್‌ನನ್ನು ಬಿಟ್ಟು. ಅದು ಗ್ರೀಸಿನ ಮೊದಲ ನಟನೆಂದು ಪ್ರತೀತಿ ಇರುವವನ ನಿಜವಾದ ಹೆಸರು. ಲಂಡನ್ನಿನಲ್ಲಿ ಆ ದೇವತೆಗಳಿಗೆ ನೊಂದುಕೊಳ್ಳುವ ಭಕ್ತರೇ ಇರಲಿಲ್ಲ, ಆದ್ದರಿಂದ ಇದು ಅಂಜಿಕೆಯಿಂದ ಮಾಡಿದ್ದಲ್ಲ. ಲೆಕ್ಕಾಚಾರ ಬೇರೆ. ಎಲ್ಲರ ಹೆಸರೂ ಸೊಟ್ಟಗಾದರೆ ಸೊಟ್ಟ ಎಂದು ತಿಳಿಯಲು ನೇರ ಗೆರೆಯೇ ಇರುವುದಿಲ್ಲ. ಮಾರ್ಸ್ ಎಂಬ ಹೆಸರು ನೆಟ್ಟಗೆ ನಿಂತಿದ್ದರೆ ಮಾತ್ರ ಅದರ ಪಕ್ಕ ಟಿಮಿಡಾನ್ ನಗೆಪಾಟಲು.

ನಾವೂ ನಾಟಕವನ್ನು ಹಾಗೆ ತಿರುಗಿಸಿದೆವು. ದಶರಥ, ಅರ್ಜುನ, ಘಟೋತ್ಕಚ ತಮ್ಮ ತಮ್ಮ ಹೆಸರಿನಲ್ಲೇ ಉಳಿದರು. ಅವರ ವೇಷ ಹಾಕಲು ಹೊರಟ ಹಳ್ಳಿಯ ತಂಡದವರಿಗೆ ಊರವರು ಇಟ್ಟ ಅಡ್ಡಹೆಸರುಗಳಾಗಿ ದಡ್ಡರಥ, ಹೆದರ್ಜುನ, ಟೈಟೋತ್ಕಚ ಬಂದರು. ಹೆಸರು ಅದೇ, ಹೊತ್ತವನು ಬೇರೆ. ನಗು ಈಗ ಬೀಳುವುದು ಪುರಾಣದ ಮೇಲಲ್ಲ, ಅದನ್ನು ಆಡಲು ಒದ್ದಾಡುವ ನಮ್ಮಂಥವರ ಮೇಲೆ. ಟೈಟೋತ್ಕಚನಿಗೆ ವಿಶ್ವಾಮಿತ್ರನ ಪಾತ್ರ ಕೊಟ್ಟು, ಕಮಂಡಲದಲ್ಲಿ ನಿಜವಾಗಿಯೂ ನೀರೇ ಇರುವಂತೆ ಮಾಡಿದೆವು. ಅವನು ಅದನ್ನು ಕುಡಿದು ಮುಖ ಕಿವುಚಿದಾಗ ಸಭೆಗೆ ವಿವರಣೆ ಬೇಕಾಗಲಿಲ್ಲ.

ಪ್ರದರ್ಶನದ ರಾತ್ರಿ ಸಮಿತಿಯ ಆ ಹಿರಿಯರು ಮುಂದಿನ ಸಾಲಿನಲ್ಲಿದ್ದರು. ದಡ್ಡರಥ ತನ್ನ ಮಾತು ಮರೆತು ದಶರಥನ ಕಿರೀಟ ತಿರುವುತ್ತ ನಿಂತಾಗ ಅವರೇ ಕೆಳಗಿನಿಂದ ಮುಂದಿನ ಸಾಲು ಹೇಳಿಕೊಟ್ಟರು. ಮಾತು ಮರೆಯುವುದು ನಾಟಕದಲ್ಲೇ ಇತ್ತೋ, ನಟ ನಿಜವಾಗಿ ಮರೆತಿದ್ದನೋ ಎಂದು ಅವರು ಇವತ್ತಿಗೂ ಕೇಳುತ್ತಾರೆ. ನಾವು ಹೇಳಿಲ್ಲ.