ಸ್ಟ್ರೆಚರ್‌ಗೆ ಕೊಕ್ಕೆ ಇರಲಿಲ್ಲ

ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳೇ ಹೆಚ್ಚು. ಗದಗ ಕಡೆಯಿಂದ ಬಂದ ನಾನು ಇಲ್ಲಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ನನ್ನೊಂದಿಗೆ ದುಡಿಯುವವರಲ್ಲಿ ಗುಜರಾತಿಗಳಿದ್ದಾರೆ, ಮರಾಠಿಗರಿದ್ದಾರೆ, ಒಡಿಶಾದ ಗಂಜಾಂ ಕಡೆಯವರೂ ಇದ್ದಾರೆ. ನಮ್ಮೆಲ್ಲರ ನಡುವಿನ ಮಾತು ಹಿಂದಿ.

ಕ್ಯಾಥೆಟರ್ ಹಾಕಿದ ರೋಗಿಗಳಲ್ಲಿ ಮೂತ್ರದ ಸೋಂಕು ಮತ್ತೆ ಮತ್ತೆ ಕಾಣಿಸಿಕೊಂಡಾಗ, ಸಿಬ್ಬಂದಿಗೆ ಮೊಬೈಲಿನಲ್ಲೇ ನೋಡುವಂಥ ಪಾಠ ಮಾಡಿಕೊಡಿ ಎಂದು ಮೇಲಿನವರು ನನಗೆ ಹೇಳಿದರು. ಐದೈದು ನಿಮಿಷದ ನಾಲ್ಕು ಪಾಠ ಮಾಡಿದೆ. ಕೈ ತೊಳೆಯುವುದು, ನಳಿಕೆಯನ್ನು ತೊಡೆಗೆ ಅಂಟಿಸಿ ಎಳೆತ ಬೀಳದಂತೆ ನೋಡಿಕೊಳ್ಳುವುದು, ನಳಿಕೆ ಮತ್ತು ಚೀಲದ ಜೋಡಣೆಯನ್ನು ಬಿಚ್ಚದಿರುವುದು, ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ನೇತು ಹಾಕುವುದು. ಒಂದೊಂದು ಪಾಠದ ಕೊನೆಗೆ ಮೂರು ಪ್ರಶ್ನೆ. ಎಲ್ಲಕ್ಕಿಂತ ಕೊನೆಗೆ, 'ಪಾಠ ಉಪಯೋಗವಾಯಿತೇ? ಒಂದರಿಂದ ಐದರವರೆಗೆ ಅಂಕ ಕೊಡಿ'.

ಬಹುತೇಕ ಎಲ್ಲರೂ ಐದು ಕೊಟ್ಟರು. ಪ್ರಶ್ನೆಗಳಿಗೂ ಉತ್ತರ ಸರಿಯಾಗಿಯೇ ಬಂತು. ನನಗೋ ಹಿಗ್ಗೋ ಹಿಗ್ಗು. ಮರುದಿನ ರೌಂಡ್ಸಿಗೆ ಹೋದರೆ ಒಂದು ಚೀಲ ಹಾಸಿಗೆಯ ಪಕ್ಕದ ಕಂಬಿಗೆ ನೇತಾಡುತ್ತಿತ್ತು. ಕಂಬಿಯನ್ನು ಎತ್ತಿದರೆ ಚೀಲವೂ ರೋಗಿಯ ಹೊಟ್ಟೆಯ ಮಟ್ಟಕ್ಕೆ ಏರುತ್ತದೆ. ಇನ್ನೊಂದು ಚೀಲ ಎಕ್ಸ್‌ರೇಗೆ ಹೊರಟ ರೋಗಿಯ ಹೊಟ್ಟೆಯ ಮೇಲೆಯೇ ಮಲಗಿತ್ತು.

ಚೀಲ ಮೇಲಿದ್ದರೆ, ನಳಿಕೆಯಲ್ಲಿ ಮತ್ತು ಚೀಲದಲ್ಲಿ ನಿಂತ ಮೂತ್ರ ಮೂತ್ರಕೋಶಕ್ಕೆ ವಾಪಸ್ ಹರಿಯಬಹುದು. ಹಾಗೆ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಚೀಲದ ಬಾಯಲ್ಲಿ ಹಿಮ್ಮುಖ ಹರಿವು ತಡೆಯುವ ಕವಾಟ ಇದ್ದರೂ ಅದನ್ನೇ ನಂಬುವಂತಿಲ್ಲ, ಕವಾಟಕ್ಕಿಂತ ಮೇಲಿನ ನಳಿಕೆಯಲ್ಲಿ ಉಳಿದ ಮೂತ್ರಕ್ಕೆ ಅದು ಅಡ್ಡಿಯಲ್ಲ.

ನನ್ನ ಪ್ರಶ್ನೆಗಳನ್ನೇ ತಿರುಗಿ ಓದಿದೆ. 'ಚೀಲ ಎಲ್ಲಿರಬೇಕು? ಮೇಲೆ, ಕೆಳಗೆ, ನೆಲದ ಮೇಲೆ.' ಪಾಠ ನೋಡದವರೂ ಹೇಳಬಹುದಾದ ಉತ್ತರ! ಇನ್ನೊಂದು ತಪ್ಪೂ ಕಂಡಿತು: ಸರಿಯುತ್ತರವನ್ನೇ ನಾನು ಪ್ರತಿ ಸಲ ಉದ್ದವಾಗಿ ಬರೆದಿದ್ದೆ. ಉದ್ದದ್ದನ್ನು ಒತ್ತಿದರೆ ಸಾಕಿತ್ತು.

ಅಭಿಪ್ರಾಯದ ಪ್ರಶ್ನೆಯನ್ನು ಮೊದಲು ಬದಲಿಸಿದೆ. ಅಂಕ ತೆಗೆದು, 'ಈ ಪಾಠದಲ್ಲಿ ಹೇಳಿದ್ದರಲ್ಲಿ ನಿಮ್ಮ ವಾರ್ಡಿನಲ್ಲಿ ಯಾವುದು ಆಗುವುದಿಲ್ಲ? ಏಕೆ?' ಎಂದು ಕೇಳಿದೆ. ಬರೆಯಲು ಬಾರದವರು ಧ್ವನಿ ಕಳಿಸಬಹುದು, ಹೆಸರು ಬೇಡ ಎಂದೆ. ಗಂಜಾಂ ಕಡೆಯ ವಾರ್ಡ್‌ಬಾಯ್ ಒಬ್ಬ ಹೆಸರು ಬೇಡವೆಂದರೂ ನೇರವಾಗಿ ನನ್ನ ಬಳಿಯೇ ಬಂದ. "ಸಿಸ್ಟರ್, ಚೀಲ ಕೆಳಗೆ ಇರ್ಬೇಕು ಅಂತ ನಂಗೂ ಗೊತ್ತು. ನಮ್ಮ ಸ್ಟ್ರೆಚರ್‌ಗೆ ಕೊಕ್ಕೆನೇ ಇಲ್ಲ. ಎಲ್ಲಿ ನೇತು ಹಾಕ್ಲಿ?"

ನಾನು ಅವನ ಮರೆವಿಗೆ ಪಾಠ ಬರೆದಿದ್ದೆ. ಅವನಿಗೆ ಬೇಕಿದ್ದದ್ದು ಕೊಕ್ಕೆ. ಪಾಂಡೇಸರಾದಲ್ಲಿ ವೆಲ್ಡಿಂಗ್ ಅಂಗಡಿಗೆ ಬರವೇ? ಕಬ್ಬಿಣದ ಸರಳು ಬಗ್ಗಿಸಿ ಕೊಕ್ಕೆ ಮಾಡಿಸಿ ಸ್ಟ್ರೆಚರ್‌ನ ಕೆಳಚೌಕಟ್ಟಿಗೆ ಹಾಕಿಸಿದೆವು.

ಆಮೇಲೆ ಪ್ರಶ್ನೆಯನ್ನು ಹೀಗೆ ಬರೆದೆ: 'ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ಯಬೇಕು. ಚೀಲ ಅರ್ಧಕ್ಕಿಂತ ಹೆಚ್ಚು ತುಂಬಿದೆ. ಏನು ಮಾಡುತ್ತೀರಿ?' ಮೂರು ಉತ್ತರ, ಮೂರೂ ಒಂದೇ ಉದ್ದ, ಮೂರೂ ವಾರ್ಡಿನಲ್ಲಿ ಕಂಡದ್ದೇ: ಹೊಟ್ಟೆಯ ಮೇಲಿಡುವುದು, ನಳಿಕೆ ಮುಚ್ಚಿ ಕಾಲುಗಳ ನಡುವೆ ಇಡುವುದು, ಖಾಲಿ ಮಾಡಿ ಕೆಳಚೌಕಟ್ಟಿಗೆ ತೂಗುವುದು. ತಪ್ಪು ಒತ್ತಿದರೆ ಬರೀ 'ತಪ್ಪು' ಎಂದು ಬರುವುದಿಲ್ಲ. ಎರಡನೆಯದನ್ನು ಒತ್ತಿದವರಿಗೆ ಹೀಗೆ ಕಾಣುತ್ತದೆ: 'ಮುಚ್ಚಿದ್ದನ್ನು ತೆರೆಯಲು ಮರೆತರೆ ಮೂತ್ರಕೋಶ ತುಂಬಿ ನೋವಾಗುತ್ತದೆ.' ಖಾಲಿ ಮಾಡುವಾಗ ರೋಗಿಗೊಂದು ಬೇರೆ ಪಾತ್ರೆ, ಚೀಲದ ನಲ್ಲಿ ಪಾತ್ರೆಗೆ ತಾಗಬಾರದು ಎಂದೂ ಅಲ್ಲೇ ಚಿತ್ರ ಇಟ್ಟೆ. ಒಂದು ವಾರದ ನಂತರ ಅದೇ ಪ್ರಶ್ನೆ ಬೇರೆ ಸನ್ನಿವೇಶದಲ್ಲಿ ಮತ್ತೆ ಬರುತ್ತದೆ.

ಈಗ ನಾನು ಪರೀಕ್ಷೆಯ ಅಂಕ ನೋಡುವುದಕ್ಕಿಂತ, ಹೇಳದೆ ವಾರ್ಡಿಗೆ ಹೋಗಿ ಎಷ್ಟು ಚೀಲ ಸರಿಯಾದ ಜಾಗದಲ್ಲಿವೆ ಎಂದು ಎಣಿಸುತ್ತೇನೆ. ಎಲ್ಲವೂ ಸರಿಯಾಗಿಲ್ಲ. ಅಕ್ಕರೆಯಿಂದ ಚೀಲ ಎತ್ತಿ ಹಿಡಿದು ರೋಗಿಯ ಜೊತೆ ಹೋಗುವ ನೆಂಟರಿಗೆ ನನ್ನ ಪಾಠ ತಲುಪಿಲ್ಲ. ಬೇಡದ ಕ್ಯಾಥೆಟರ್ ತೆಗೆಯಲು ವೈದ್ಯರ ಆದೇಶ ಬೇಕು, ಅದನ್ನು ವಾರ್ಡ್‌ಬಾಯ್ ಕೇಳುವುದೂ ಸುಲಭವಲ್ಲ. ಹಾಗಾಗಿ ನರ್ಸುಗಳ ಪಾಠದ ಕೊನೆಗೆ ಒಂದು ಸಾಲು ಸೇರಿಸಿದ್ದೇನೆ: 'ಇದು ಇವತ್ತೂ ಬೇಕೇ? ಏಕೆ?' ಉತ್ತರ ಹೊಳೆಯದಿದ್ದರೆ ವೈದ್ಯರನ್ನು ಕೇಳಬೇಕು. ಆ ಪ್ರಶ್ನೆಗೆ ಅಂಕವಿಲ್ಲ.